ಐವತ್ತನಾಲ್ಕು ಪರಕರ

ಅಣ್ಣಿಗೇರಿಯ ಆ ಶೆಡ್ಡಿನಲ್ಲಿ ಒಟ್ಟು ಎಂಟು ಹೊಲಿಗೆ ಮಶೀನುಗಳಿದ್ದವು. ಸೀರೆಯೊಳಗೆ ಉಡುವ ಪರಕರ ಹೊಲಿಯುವುದು ನಮ್ಮ ಕೆಲಸ. ಒಂದಕ್ಕೆ ಒಂಬತ್ತು ರೂಪಾಯಿ. ಎಷ್ಟು ಹೊಲಿದರೆ ಅಷ್ಟು ಕೂಲಿ, ಹೊಲಿಯದಿದ್ದರೆ ಇಲ್ಲ. ಬಾಗಿಲ ಬಾಜುಗಿದ್ದ ಕರಿ ಹಲಗೆಯ ಮೇಲೆ ಸಾವ್ಕಾರರು ದಿನಾ ಸಂಜೆ ಎಲ್ಲರ ಲೆಕ್ಕ ಬರೆಯುತ್ತಿದ್ದರು. ಮೊದಲನೆಯ ಸಾಲು ಯಾವಾಗಲೂ ನನ್ನದು. ಐವತ್ತನಾಲ್ಕು.

ನನಗೆ ಅದರ ಸೊಕ್ಕಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ನನ್ನ ಪಕ್ಕದ ಮಶೀನಿನಲ್ಲಿ ಕೂರುತ್ತಿದ್ದವರನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ನವಲಗುಂದದಲ್ಲಿ ಜಮಖಾನ ನೇಯುವ ಮನೆಯಲ್ಲಿ ಹುಟ್ಟಿದವರು. ಮದುವೆಯಾಗಿ ಅಣ್ಣಿಗೇರಿಗೆ ಬಂದ ಮೇಲೆ ಮಗ್ಗ ಬಿಟ್ಟು ಮಶೀನು ಹಿಡಿದಿದ್ದರು. ಅವರ ಹೊಲಿಗೆ ನೋಡಿದರೆ ಕಣ್ಣಿಗೆ ತಂಪು, ಆದರೆ ಲೆಕ್ಕ ಮೂವತ್ತಾರು ದಾಟುತ್ತಿರಲಿಲ್ಲ. ಒಮ್ಮೆ ಅವರು ರೇಟು ಒಂದು ರೂಪಾಯಿ ಹೆಚ್ಚಿಸಿರಿ ಎಂದು ಕೇಳಿದಾಗ ಸಾವ್ಕಾರರು ನನ್ನ ಕಡೆ ಬೆರಳು ತೋರಿಸಿದರು.

"ಅಕಿಗೆ ಐವತ್ನಾಕು ಆಗ್ತಾವು, ನಿಮಗ ಯಾಕ ಆಗೂದಿಲ್ಲ? ರೇಟು ಬರೋಬ್ಬರಿ ಐತಿ. ಕೈ ನಿಧಾನ ಐತಿ, ಅಷ್ಟ."

ಖಾಲಾ ಸೂಜಿಗೆ ದಾರ ಪೋಣಿಸಿದರು. ನಾನು ಮುಂದಿನ ಪರಕರ ಎತ್ತಿಕೊಂಡೆ.

ನನ್ನ ಗಂಡ ಮನೆ ಕಟ್ಟುವ ಗೌಂಡಿ ಕೆಲಸದವರು. ಅವರ ಕಾರ್ಮಿಕ ಕಾರ್ಡು ನವೀಕರಣವಾಗಬೇಕಿತ್ತು. ಅದಕ್ಕೆಂದು ನವಲಗುಂದದ ಕಾರ್ಮಿಕ ಕಚೇರಿಗೆ ಹೋಗಿ ಸರತಿಯಲ್ಲಿ ನಿಂತಾಗ ಗೋಡೆಗೆ ಅಂಟಿಸಿದ್ದ ಕಾಗದ ಕಂಡಿತು. ಕನಿಷ್ಠ ವೇತನದ ಪಟ್ಟಿ. ಹೊಟೇಲು, ಗಿರಣಿ, ಹೊಲಿಗೆ ಎಂದು ಬೇರೆ ಬೇರೆ ಕೆಲಸ. ಒಂದೊಂದರಲ್ಲಿ ಟೇಲರ್, ಹೆಲ್ಪರ್ ಎಂದು ಬೇರೆ ಬೇರೆ ದರ್ಜೆ. ಊರಿಗೆ ತಕ್ಕಂತೆ ವಲಯ. ನಮ್ಮ ವಲಯದ ಟೇಲರ್ ಸಾಲಿನ ಮೇಲೆ ಬೆರಳಿಟ್ಟೆ. ನನ್ನ ಐವತ್ತನಾಲ್ಕು ಪರಕರಕ್ಕೆ ನಾನೂರಾ ಎಂಬತ್ತಾರು. ಪಟ್ಟಿಯ ದಿನಗೂಲಿಗಿಂತ ತುಸು ಹೆಚ್ಚೇ ಇತ್ತು. ಹೆಮ್ಮೆಯಾಯಿತು. ಮರುಕ್ಷಣ ಖಾಲಾ ನೆನಪಾದರು. ಮೂವತ್ತಾರು ಒಂಬತ್ತಲೆ ಮುನ್ನೂರಾ ಇಪ್ಪತ್ತನಾಲ್ಕು. ಪಟ್ಟಿಯ ಅಂಕಿಗಿಂತ ನೂರು ರೂಪಾಯಿಗೂ ಮೀರಿ ಕಡಿಮೆ.

ಕೌಂಟರಿನ ಹಿಂದಿದ್ದ ಅಧಿಕಾರಿಯನ್ನು ಕೇಳಿದೆ. "ಇದು ಪಗಾರದವರಿಗೆ ಇರಬೇಕಲ್ರಿ? ನಮ್ಮದು ಪೀಸಿನ ಮ್ಯಾಲೆ."

"ಪೀಸಿನ ಮ್ಯಾಲೆ ಕೊಡ್ಲಿ ಯಾರ ಬ್ಯಾಡ ಅಂತಾರ," ಎಂದರು ಅವರು. "ಆದರ ದಿನದ ಕೆಲಸ ಪೂರಾ ಮಾಡಿದವ್ರಿಗೆ ಈ ದಿನಗೂಲಿಗಿಂತ ಕಡಿಮಿ ಬೀಳಬಾರದು. ಬಿದ್ದರ ಉಳಿದದ್ದು ಮಾಲಕರು ತುಂಬಿಕೊಡಬೇಕು. ಮತ್ತ ಇದು ಒಬ್ಬೊಬ್ಬರದ್ದು ಬ್ಯಾರೆ ಬ್ಯಾರೆ ನೋಡೂದು. ಒಬ್ಬಾಕಿ ಜೋರು ಹೊಲಿತಾಳ ಅಂತ ಇನ್ನೊಬ್ಬಾಕಿಗೆ ಕಡಿಮಿ ಕೊಡಾಕ ಬರೂದಿಲ್ಲ."

ಸಾವ್ಕಾರರು ನನ್ನ ಕಡೆ ತೋರಿಸಿದ ಬೆರಳು ನೆನಪಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ನಿಮ್ಮದು ಎಷ್ಟು ತಾಸಿನ ಕೆಲಸರಿ?"

"ಮುಂಜಾನೆ ಒಂಬತ್ತೂವರಿಗೆ ಕುಂತರ ಸಂಜಿ ಏಳೂವರಿಗೆ ಏಳ್ತೀವ್ರಿ. ಊಟಕ್ಕ ಅರ್ಧ ತಾಸು."

"ಅಂದ್ರ ಒಂಬತ್ತೂವರಿ ತಾಸು ದುಡಿತೀರಿ. ಈ ಅಂಕಿ ಎಂಟು ತಾಸಿಂದು. ಮ್ಯಾಲಿನ ಒಂದೂವರಿ ತಾಸಿಗೆ ಎರಡು ಪಟ್ಟು ಕೂಲಿ ಬರಬೇಕು. ಈಗ ಲೆಕ್ಕ ಹಾಕ್ರಿ, ನಿಮಗೂ ಮುಟ್ಟಿಲ್ಲ."

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಎಂಟು ತಾಸಿಗೆ ನನ್ನವು ನಲವತ್ತೈದಾಗುತ್ತವೆ. ನಾನೂರಾ ಐದು ರೂಪಾಯಿ. ಹಲಗೆಯ ಮೊದಲನೆಯ ಸಾಲಿನವಳಿಗೂ ಕಡಿಮೆ. ಕಿಟಕಿಯಾಚೆ ಹತ್ತಿಯ ಹೊಲ ಸರಿಯುತ್ತಿತ್ತು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಸೀಟು ಇದ್ದರೂ ಎದ್ದು ಕಂಬಿ ಹಿಡಿದು ನಿಂತೆ.

ಮರುದಿನದಿಂದ ಒಂದು ನೋಟುಬುಕ್ಕು ಇಟ್ಟೆ. ಬಂದ ಹೊತ್ತು, ಎದ್ದ ಹೊತ್ತು, ಹೊಲಿದ ಪೀಸು. ಅಧಿಕಾರಿ ಇನ್ನೊಂದನ್ನೂ ಹೇಳಿದ್ದರು: ಕತ್ತರಿಸಿದ ಬಟ್ಟೆ ಬರಲಿಲ್ಲವೆಂದು ಸುಮ್ಮನೆ ಕೂರಿಸಿದರೆ ಆ ಹೊತ್ತೂ ಕೆಲಸದ ಹೊತ್ತೇ. ಅದನ್ನೂ ಬರೆದೆ. ಕರೆಂಟು ಹೋದದ್ದನ್ನೂ ಬರೆದೆ. ಖಾಲಾರಿಗೆ ಹೇಳಿದಾಗ ಅವರು ಹೆದರಿದರು.

"ನನ್ನ ಹೆಸರು ಬರೀಬ್ಯಾಡ ಯವ್ವಾ. ಈ ಕೆಲಸಾನೂ ಹೋದರ ಎಲ್ಲಿಗೆ ಹೋಗ್ಲಿ?"

"ನಾ ಒಬ್ಬಾಕಿನ ಕೇಳಿದರ ಏನ ಆಗ್ತದ ಖಾಲಾ? ನೀ ಇನ್ನೂ ಜೋರು ಹೊಲಿ, ಸಿಗ್ತದ ಅಂತಾರ ಸಾವ್ಕಾರರು."

ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ಸೋಮವಾರ ಮುಂಜಾನೆ ಅವರು ತಮ್ಮದೇ ಒಂದು ಸಣ್ಣ ನೋಟುಬುಕ್ಕು ತಂದು ನನ್ನ ಮಶೀನಿನ ಮೇಲಿಟ್ಟರು. ಉರ್ದು ಅಂಕಿಗಳಲ್ಲಿ ಇಡೀ ವಾರದ್ದು ಬರೆದಿತ್ತು.

"ನನಗೂ ಲೆಕ್ಕ ಬರ್ತದ," ಎಂದರು.

ನಮ್ಮಿಬ್ಬರನ್ನು ನೋಡಿ ಶೆಡ್ಡಿನ ಇನ್ನೂ ಮೂವರು ಬರೆಯತೊಡಗಿದರು. ತಿಂಗಳ ಕೊನೆಗೆ ನಾವು ಐವರು ಸಾವ್ಕಾರರ ಮುಂದೆ ನಿಂತು ಪಟ್ಟಿಯ ಕೂಲಿ ಕೇಳಿದೆವು. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ನೀನ ಹಿಂಗ ಮಾಡೂದೇನು? ನಿನ್ನ ಲೆಕ್ಕ ತೋರಿಸೇ ನಾ ಎಲ್ಲಾರಿಗೂ ರೇಟು ಕಟ್ಟೀನಿ!"

"ಅದಕ್ಕ ಬಂದೀನ್ರಿ," ಎಂದೆ. ನೋಟುಬುಕ್ಕು ಅವರ ಮುಂದಿಟ್ಟೆ.

ಅವರು ಒಪ್ಪಲಿಲ್ಲ. ಐವರ ಸಹಿ ಹಾಕಿದ ಅರ್ಜಿ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ಅಧಿಕಾರಿ ಶೆಡ್ಡಿಗೆ ಬಂದು ಹಾಜರಿ ಪುಸ್ತಕ ಕೇಳಿದರು. ಇದ್ದದ್ದು ಪೀಸಿನ ಪುಸ್ತಕ ಮಾತ್ರ. ಬಂದ ಹೊತ್ತು, ಹೋದ ಹೊತ್ತು ಅದರಲ್ಲಿರಲಿಲ್ಲ. ಆಗ ನಮ್ಮ ನೋಟುಬುಕ್ಕುಗಳನ್ನು ತೆಗೆದು ನೋಡಿದರು. ಒಂದೊಂದು ದಿನವನ್ನೂ ಪಟ್ಟಿಯ ದಿನಗೂಲಿಯ ಪಕ್ಕದಲ್ಲಿಟ್ಟು ಕೊರತೆ ಬರೆಯುತ್ತ ಹೋದರು. ಸಾವ್ಕಾರರು ಕೇಸಿಗೆ ಹೋಗುವುದು ಬೇಡವೆಂದು ಒಪ್ಪಿ ಬರೆದುಕೊಟ್ಟರು: ಇನ್ನು ಮುಂದೆ ಯಾರ ದಿನಗೂಲಿ ಕಡಿಮೆ ಬಿದ್ದರೂ ತುಂಬಿಕೊಡುವುದು, ಹಿಂದಿನ ಬಾಕಿಯನ್ನು ಎರಡು ಕಂತಿನಲ್ಲಿ ಕೊಡುವುದು.

ಮೊದಲ ಕಂತು ಬಂತು. ಜೊತೆಗೆ ಸಂಜೆಯ ಒಂದೂವರೆ ತಾಸಿನ ಕೆಲಸ ನಿಂತಿತು. ಎರಡು ಪಟ್ಟು ಕೊಡಲು ಅವರಿಗೆ ಮನಸ್ಸಿಲ್ಲ. ಖಾಲಾರ ದಿನಗೂಲಿ ನೂರು ರೂಪಾಯಿಗೂ ಮೀರಿ ಹೆಚ್ಚಿತು. ನನ್ನದು ಮೊದಲಿಗಿಂತ ಹತ್ತಿಪ್ಪತ್ತು ರೂಪಾಯಿ ಇಳಿಯಿತು. ಗಂಡ ಕೇಳಿದರು, "ಇಷ್ಟು ಓಡಾಡಿ ನಿನಗೇನ ಬಂತು?" ಎಂದು. ನಾನು ನೋಟುಬುಕ್ಕು ತೆಗೆದು ಆ ದಿನದ ಹೊತ್ತು ಬರೆದುಕೊಂಡೆ.

ಎರಡನೆಯ ಕಂತು ಬರದೇ ಹೋದದ್ದಕ್ಕೆ ಖಾಲಾ ಮತ್ತು ನಾನು ಮತ್ತೆ ನವಲಗುಂದದ ಬಸ್ಸು ಹತ್ತಬೇಕಾಯಿತು. ದಾರಿಯಲ್ಲಿ ನಾನು ಇಷ್ಟು ದಿನ ಯಾರಿಗೂ ಹೇಳದ ಮಾತು ಹೇಳಿದೆ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಸುಲಭಕ್ಕೆ ಹೊಲಿಯಲು ಬರುವ ಪಾಪ್ಲಿನ್ ಗಂಟುಗಳನ್ನು ನಾನು ಎತ್ತಿಟ್ಟುಕೊಳ್ಳುತ್ತಿದ್ದೆ. ಕೈಯಿಂದ ಜಾರುವ ಸಾಟಿನ್ ಗಂಟು ಖಾಲಾರಿಗೆ ಉಳಿಯುತ್ತಿತ್ತು. ನನ್ನ ಐವತ್ತನಾಲ್ಕರಲ್ಲಿ ಅದೂ ಇತ್ತು.

ಖಾಲಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ಗೊತ್ತಿತ್ತು. ದಿನಾ ನೋಡ್ತಿದ್ದೆ."

"ಮತ್ತ ಯಾಕ ಕೇಳಲಿಲ್ಲ?"

"ಆಗ ನಿನ್ನ ಕೂಸು ಇನ್ನೂ ಸಣ್ಣದಿತ್ತು, ನಿನಗ ರೊಕ್ಕ ಬೇಕಿತ್ತು. ಆಮ್ಯಾಲೆ ಕೇಳೂಣು ಅಂತ ಬಿಟ್ಟೆ, ಹಂಗ ಉಳೀತು." ನನ್ನ ಕಡೆ ತಿರುಗಿ, "ಸಿಟ್ಟೂ ಬಂದಿತ್ತು," ಎಂದರು.

ಆ ದಿನ ಕಚೇರಿಯಿಂದ ಸಾವ್ಕಾರರಿಗೆ ಫೋನು ಹೋಯಿತು. ಶನಿವಾರ ಹಣ ಬಂತು. ಮರುವಾರ ನಾನೇ ಸಾಟಿನ್ ಗಂಟು ತೆಗೆದುಕೊಂಡು ಕುಳಿತೆ. ಸಂಜೆಗೆ ಮೂವತ್ತೊಂದು ಆದವು. ಖಾಲಾ ಎಣಿಸಿ ನೋಡಿ, ಒಂದರ ಅಂಚು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಇದು ಸೊಟ್ಟ ಆಗೇತಿ. ಇನ್ನೊಮ್ಮೆ ಹೊಲಿ."