‘ನನಗಿಂತ ನೀವೇ ಚೆನ್ನಾಗಿ ಹೇಳಿದ್ರಿ’ ಎಂಬ ಬೈಗುಳ

ಪರಭಾಷೆಯ ಮಾತು ತಾನಾಗಿ ನಿಮ್ಮ ಕಿವಿಯೊಳಗೆ ನಿಮ್ಮ ಭಾಷೆಯಾಗುವುದಿಲ್ಲ. ಹೆಡ್‌ಫೋನಿಗೆ ಆ ವಿದ್ಯೆ ಬರುವುದಿಲ್ಲ. ಸಭಾಂಗಣದ ಹಿಂಬದಿಯಲ್ಲಿ, ಗಾಜಿನ ಬೂತಿನೊಳಗೆ, ಒಬ್ಬರು ಕೂತು ಕೇಳುತ್ತಲೇ ಹೇಳುತ್ತಿರುತ್ತಾರೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದವರೇ ಹೆಚ್ಚು, ಅದಕ್ಕೇ ಈ ಕಥೆ.

ನಾನು ಹೇಳುತ್ತಿರುವ ದುಭಾಷಿ ದರ್ಜಿಯೊಬ್ಬನ ಮಗಳು. ಅಪ್ಪನ ಅಂಗಡಿಗೆ ಮೂರು ಭಾಷೆಯ ಗಿರಾಕಿಗಳು ಬರುತ್ತಿದ್ದರು, ಅಪ್ಪನಿಗೆ ಒಂದೇ ಭಾಷೆ. ಸೊಂಟ ಬಿಗಿ, ತೋಳು ಗಿಡ್ಡ ಎಂಬ ಜಗಳವನ್ನೆಲ್ಲ ಆ ಕಡೆಯಿಂದ ಈ ಕಡೆಗೆ ದಾಟಿಸಿ ದಾಟಿಸಿಯೇ ಆಕೆ ಈ ಕೆಲಸ ಕಲಿತದ್ದು. ಪರೀಕ್ಷೆ, ಪ್ರಮಾಣಪತ್ರ ಎಲ್ಲ ಆಮೇಲೆ ಬಂತು. ಈಗಲೂ ಗಂಡನ ಅಣ್ಣ ಊಟಕ್ಕೆ ಕೂತಾಗಲೆಲ್ಲ ಕಾಲೆಳೆಯುತ್ತಾನೆ: ‘ನಮ್ಮ ಮನೇಲಿ ಬೈದರೆ ದಂಡ, ಇವಳಿಗೆ ಬೇರೆಯವರು ಬೈದದ್ದನ್ನ ಬೈಯೋಕೆ ಸಂಬಳ.’ ಆಕೆ ನಗುತ್ತಾಳೆ. ಮಾತು ಸುಳ್ಳಲ್ಲ. ಬೂತಿನಲ್ಲಿ ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ. ಮಾತಾಡುವವನು ‘ನಾನು’ ಅಂದರೆ ಆಕೆಯೂ ‘ನಾನು’ ಅನ್ನಬೇಕು.

ಈಚೆಗೆ ನಡೆದದ್ದು ಬಂದರು ಕೆಲಸಗಾರರ ಮತ್ತು ಹಡಗಿನ ಮಾಲೀಕರ ಸಮ್ಮೇಳನ. ನಾಲ್ಕು ಭಾಷೆ. ಹಡಗಿನ ಮುಚ್ಚಿದ ಒಡಲಿನೊಳಗೆ ಗಾಳಿ ಕೆಟ್ಟಿರುತ್ತದೆ. ಇಳಿದವನು ಏಣಿಯ ಬುಡದಲ್ಲೇ ಕುಸಿಯುತ್ತಾನೆ, ಎತ್ತಲು ಹೋದವನೂ ಅವನ ಮೇಲೆ ಬೀಳುತ್ತಾನೆ. ಗಾಳಿಯ ಪರೀಕ್ಷೆ ಆಗದೆ ಯಾರೂ ಒಳಗಿಳಿಯಬಾರದು, ಒಲ್ಲೆ ಎಂದವನ ಕೆಲಸ ಕಳೆಯಬಾರದು ಎಂಬ ಒಪ್ಪಂದಕ್ಕಾಗಿ ಎಲ್ಲರೂ ಸೇರಿದ್ದರು.

ಒಂದು ಬೂತಿಗೆ ಇಬ್ಬರು. ಅರ್ಧ ಗಂಟೆಗೊಮ್ಮೆ ಮೈಕು ಕೈ ಬದಲಾಗುತ್ತದೆ, ಅದಕ್ಕಿಂತ ಹೆಚ್ಚು ಎಳೆದರೆ ತಲೆ ಕೈಕೊಡುತ್ತದೆ. ಸುಮ್ಮನೆ ಕೂತವರು ಸುಮ್ಮನಿರುವುದಿಲ್ಲ: ಅಂಕಿ, ಹಡಗಿನ ಹೆಸರು, ಕಷ್ಟದ ಪದ ಕಿವಿಗೆ ಬಿದ್ದ ಕೂಡಲೇ ಚೀಟಿಯಲ್ಲಿ ಗೀಚಿ ಜೊತೆಯವರ ಮುಂದೆ ತಳ್ಳುತ್ತಾರೆ. ಆಕೆಯ ಜೊತೆಗಾರ ತೆಳ್ಳನೆಯ, ಮೌನಿ ಮನುಷ್ಯ. ಕೆಲಸಗಾರರ ಭಾಷೆಯಿಂದ ಮಾಲೀಕರ ಭಾಷೆಗೆ, ಅಲ್ಲಿಂದ ಇಲ್ಲಿಗೆ, ಎರಡೂ ಕಡೆಯ ದಾರಿ ಆ ಬೂತಿನದೇ. ಭಾಷಣದ ಪ್ರತಿ ಮೊದಲೇ ಕೊಡಿ ಎಂದು ಕೇಳಿದ್ದರು. ಕೊಟ್ಟವರು ಅರ್ಧ ಜನ. ಉಳಿದವರು ವೇದಿಕೆಗೆ ಬಂದು ರೈಲು ಓಡಿದ ಹಾಗೆ ಓದಿದರು. ಆದರೂ ಮೂರು ದಿನ ಒಂದು ಗೋಷ್ಠಿಯಲ್ಲೂ ಯಾರೂ ತಲೆ ಕೆರೆದುಕೊಂಡು ಕೂರಲಿಲ್ಲ. ತಮಾಷೆಗೆ ಎಲ್ಲ ಭಾಷೆಯವರೂ ಹೆಚ್ಚುಕಡಿಮೆ ಒಟ್ಟಿಗೇ ನಕ್ಕರು.

ಕೊನೆಯ ದಿನ ಮಧ್ಯಾಹ್ನ ಒಬ್ಬ ಕ್ರೇನ್ ಚಾಲಕ ಮಾತಾಡಿದ. ತಮ್ಮನನ್ನು ಹಡಗಿನ ಒಡಲಲ್ಲಿ ಕಳೆದುಕೊಂಡವನು. ಪರೀಕ್ಷೆ ಮಾಡದಿದ್ದರೆ ಇಳಿಯೋದಿಲ್ಲ, ಇಳಿಸೋದಕ್ಕೂ ಬಿಡೋದಿಲ್ಲ, ಸರಕು ಅಲ್ಲೇ ಕೊಳೆಯಲಿ ಎಂದ. ಅವನ ದನಿ ಏರಿದಷ್ಟೇ ಆಕೆಯ ದನಿಯೂ ಏರಿತು, ಅವನು ಮಾತು ತಡೆದು ನಿಂತಲ್ಲಿ ಆಕೆಯೂ ನಿಂತಳು. ಮಾಲೀಕರ ಸಾಲಿನಲ್ಲಿ ಮುಖಗಳು ಬಿಗಿದವು. ಸಂಜೆ ಹೊತ್ತಿಗೆ ಒಪ್ಪಂದ ತಯಾರಾಯಿತು, ಸಹಿಯೊಂದೇ ಬಾಕಿ.

ಸಹಿಗೆ ಮುಂಚೆ ಧನ್ಯವಾದದ ಮಾತು. ಕ್ರೇನ್ ಚಾಲಕ ಕೈ ಎತ್ತಿ ಮೈಕು ಕೇಳಿದ. ಗಾಜಿನ ಕಡೆ ತಿರುಗಿ ಸಂತೋಷದಿಂದ ಅಂದ:

‘ನಾನು ಏನೋ ಒರಟು ಒರಟಾಗಿ ಅಂದೆ. ಈ ಅಕ್ಕ ಅದನ್ನ ತಿದ್ದಿ ತೀಡಿ, ನಿಮಗೆ ನಾಟೋ ಹಾಗೆ ಹೇಳಿದ್ದಾರೆ. ಅದಕ್ಕೇ ನೀವು ಒಪ್ಪಿದ್ದು. ಒಪ್ಪಂದ ಮಾಡಿಸಿದ್ದೇ ಅವರು. ಅಕ್ಕಾ, ನನಗಿಂತ ನೀವೇ ಚೆನ್ನಾಗಿ ಹೇಳಿದ್ರಿ. ಥ್ಯಾಂಕ್ಸ್.’

ಪಾಪ, ಹೊಗಳಿದ್ದು ಅವನು. ಆದರೆ ದುಭಾಷಿಗೆ ಇದಕ್ಕಿಂತ ದೊಡ್ಡ ಆರೋಪ ಇನ್ನೊಂದಿಲ್ಲ. ತಿದ್ದಿ ತೀಡಿದ್ದು ನಿಜವಾದರೆ ಆಕೆ ಮೂರು ದಿನ ಆಡಿದ ಒಂದು ಮಾತಿಗೂ ಬೆಲೆಯಿಲ್ಲ.

ಈ ಮಾತನ್ನು ಮಾಲೀಕರಿಗೆ ಮುಟ್ಟಿಸಬೇಕಾದವಳೂ ಆಕೆಯೇ. ದುಭಾಷಿ ಮಾತಿಗಿಂತ ಒಂದು ವಾಕ್ಯದಷ್ಟು ಹಿಂದೆ ನಡೆಯುತ್ತಾಳೆ, ಆ ಸಂದಿಯಲ್ಲೇ ಎಲ್ಲ ತೀರ್ಮಾನವಾಗಬೇಕು. ‘ದುಭಾಷಿಗೆ ನನ್ನ ಧನ್ಯವಾದ’ ಎಂದಷ್ಟೇ ಹೇಳಿ ಉಳಿದದ್ದನ್ನು ನುಂಗಬಹುದಿತ್ತು. ಮಾಲೀಕರ ಸಾಲಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೊತೆಗಾರ ತಲೆ ಎತ್ತಿ ಆಕೆಯನ್ನು ನೋಡಿದ.

ಆಕೆ ನುಂಗಲಿಲ್ಲ. ತಿದ್ದಿ ತೀಡಿ ಎಂಬುದನ್ನೂ, ನನಗಿಂತ ಚೆನ್ನಾಗಿ ಎಂಬುದನ್ನೂ, ಅವನದೇ ಸಂತೋಷದ ದನಿಯಲ್ಲಿ ಹೇಳಿದಳು.

ಮಾಲೀಕರ ವಕ್ತಾರ ಪೆನ್ನು ಕೆಳಗಿಟ್ಟ. ಮೈಕು ಒತ್ತಿದ. ಜೊತೆಗಾರ ಈ ಸಲ ನಾನು ಹೇಳುತ್ತೇನೆ ಎಂದು ಕೈ ಚಾಚಿದ, ಆಕೆ ತಲೆಯಾಡಿಸಿ ಬೇಡವೆಂದಳು. ತನ್ನ ಪಾಳಿ ತನ್ನದು. ಕೆಲಸಗಾರರ ಕಿವಿಯಲ್ಲಿ ಆಕೆಯ ದನಿಯೇ ಹೇಳಿತು: ‘ಈ ದುಭಾಷಿಯ ಮೇಲೆ ನನಗೆ ನಂಬಿಕೆ ಇಲ್ಲ. ನಾವು ಒಪ್ಪಿದ್ದು ಯಾರ ಮಾತಿಗೆ, ಆ ಮನುಷ್ಯನ ಮಾತಿಗೋ ಈ ಹೆಂಗಸಿನ ಮಾತಿಗೋ? ಗೊತ್ತಾಗೋವರೆಗೆ ಸಹಿ ಇಲ್ಲ.’

ಕ್ರೇನ್ ಚಾಲಕನ ಮುಖ ಸುಟ್ಟ ಬದನೆಕಾಯಿಯಾಯಿತು. ದುಭಾಷಿ ತನ್ನ ಪರವಾಗಿ ಮಾತಾಡಬಾರದು ಅಂತೇನಿಲ್ಲ, ‘ಇದು ದುಭಾಷಿಯ ಮಾತು’ ಎಂದು ಬೇರೆ ಮಾಡಿ ಹೇಳಬಹುದು. ಆದರೆ ತನ್ನ ಮೇಲಿನ ಅನುಮಾನಕ್ಕೆ ತಾನೇ ಸಾಕ್ಷಿ ನಿಂತರೆ ಯಾರು ನಂಬುತ್ತಾರೆ? ಆಕೆ ಸಭೆ ನಡೆಸುತ್ತಿದ್ದ ಅಧ್ಯಕ್ಷೆಯ ಕಡೆ ನೋಡಿದಳು.

ಅಧ್ಯಕ್ಷೆ ಒಂದು ದಾರಿ ಹುಡುಕಿದಳು. ಪಕ್ಕದ ಬೂತಿನ ಹಿರಿಯ ದುಭಾಷಿಗೂ ಆ ಎರಡು ಭಾಷೆ ಬರುತ್ತಿತ್ತು. ಮಧ್ಯಾಹ್ನದ ಆ ಹೊತ್ತಿಗೆ ಅವನ ಪಾಳಿ ಮುಗಿದು ಚಹಾಕ್ಕೆ ಹೋಗಿದ್ದ, ಆ ಭಾಷಣ ಕೇಳಿರಲಿಲ್ಲ. ಕ್ರೇನ್ ಚಾಲಕ ಅದೇ ಮಾತನ್ನು ಇನ್ನೊಮ್ಮೆ ಹೇಳಲಿ, ಹಿರಿಯ ಅನುವಾದಿಸಲಿ, ಮಾಲೀಕರು ತಾವೇ ಕೇಳಿ ನೋಡಲಿ. ಒಪ್ಪಿದರು.

ಆಕೆ ಮೈಕು ಆರಿಸಿ ಹೆಡ್‌ಫೋನ್ ತೆಗೆದಿಟ್ಟಳು. ಬೂತಿನ ಗೋಡೆ ಶಬ್ದ ಬಿಡುವುದಿಲ್ಲ. ಮೂರು ದಿನದಲ್ಲಿ ಮೊದಲ ಸಲ ಆಕೆಗೆ ಏನೂ ಕೇಳಿಸದೆ, ಗಾಜಿನಾಚೆ ಬಾಯಿಗಳು ಮಾತ್ರ ಆಡುತ್ತಿದ್ದವು. ಕ್ರೇನ್ ಚಾಲಕ ನಿಂತ. ಅವನು ಹೆದರಿ ಮಾತು ಮೆತ್ತಗೆ ಮಾಡಿಬಿಟ್ಟರೆ? ‘ದಯವಿಟ್ಟು’ ಸೇರಿಸಿಬಿಟ್ಟರೆ? ಆಗ ಮಧ್ಯಾಹ್ನದ ಬೆಂಕಿ ಆಕೆಯೇ ಹಚ್ಚಿದ್ದು ಎಂದಾಗುತ್ತದೆ. ಆಕೆ ಅವನನ್ನು ನೋಡುವುದು ಬಿಟ್ಟು ಮಾಲೀಕರ ಸಾಲನ್ನೇ ನೋಡಿದಳು.

ಮುಖಗಳು ಬಿಗಿದವು. ಮಧ್ಯಾಹ್ನ ಬಿಗಿದ ಹಾಗೆಯೇ.

ವಕ್ತಾರ ಹೆಡ್‌ಫೋನ್ ಕಳಚಿ, ಗಾಜಿನ ಕಡೆ ನೋಡದೆ, ಸಹಿ ಹಾಕಿದ. ಕ್ಷಮೆ ಕೇಳಲಿಲ್ಲ. ಅಧ್ಯಕ್ಷೆ ಚಪ್ಪಾಳೆ ತಟ್ಟಿಸಿದಳು, ಧ್ವನಿವರ್ಧಕದವರಿಂದ ಹಿಡಿದು ಹೂಗುಚ್ಛ ತಂದವರವರೆಗೆ ಎಲ್ಲರಿಗೂ ಧನ್ಯವಾದ ಹೇಳಿದಳು. ಬೂತಿನ ಹೆಸರೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಹೆಡ್‌ಫೋನ್ ಮತ್ತೆ ಹಾಕಿಕೊಂಡು ಆ ಧನ್ಯವಾದಗಳನ್ನೂ ಆಕೆಯೇ ಅನುವಾದಿಸಿದಳು.

ಕ್ರೇನ್ ಚಾಲಕ ಬೂತಿನ ಬಾಗಿಲಿಗೆ ಬಂದ. ‘ಅಕ್ಕಾ, ನಾನು ಹೊಗಳಿದ್ದಲ್ವಾ?’

‘ಹೌದಪ್ಪ. ಆದ್ರೆ ಆ ಮಾತು ನಿಂದು. ನಿನ್ನ ತಮ್ಮನ ಸಾವು ನಿಂದು. ನಾನು ಅದಕ್ಕೆ ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ. ಥ್ಯಾಂಕ್ಸ್ ಹೇಳೋದಾದ್ರೆ ಅದಕ್ಕೆ ಹೇಳು.’

ಅವನು ಅಲ್ಲೇ ನಿಂತು ಹಾಗೆಯೇ ಹೇಳಿದ. ಕೇಳಿದವರು ಆಕೆ ಮತ್ತು ಜೊತೆಗಾರ, ಇಬ್ಬರೇ.

ಒಂದು ವಾರಕ್ಕೆ ದುಭಾಷಿಗಳನ್ನು ಕಳಿಸುವ ಏಜೆನ್ಸಿಯವನ ಫೋನು. ತಪ್ಪು ನಿಮ್ಮದಲ್ಲ ಅಂತ ಗೊತ್ತು, ಆದರೂ ಗಿರಾಕಿಗಳು ‘ಅವತ್ತು ಗಲಾಟೆಯಾಯಿತಲ್ಲ, ಆಕೆಯಾ?’ ಅಂತ ಕೇಳುತ್ತಾರೆ, ಸ್ವಲ್ಪ ದಿನ ಸುಮ್ಮನಿರಿ ಎಂದ. ಸುಳ್ಳು ಹೇಳಿ ಬಚಾವಾಗಬಹುದಾಗಿದ್ದ ಹೆಂಗಸು ನಿಜ ಹೇಳಿ ಮನೆಯಲ್ಲಿ ಕೂತಿದ್ದಾಳೆ. ಅನುಮಾನವನ್ನು ಮೈಕಿನಲ್ಲಿ ಸಾರಿದರು, ನಂಬಿಕೆಯನ್ನು ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿದರು. ಇದು ಯಾವ ನ್ಯಾಯ?

ಆ ಸಭಾಂಗಣದಲ್ಲಿ ನೂರಾರು ಜನ ಇದ್ದಿರಿ. ನಿಮ್ಮಲ್ಲಿ ಕೆಲವರು ಈ ಅಂಕಣ ಓದುತ್ತೀರಿ ಎಂಬುದೂ ನನಗೆ ಗೊತ್ತು. ಹಡಗಿನ ಒಡಲಿಗೆ ಇನ್ನು ಗಾಳಿ ನೋಡದೆ ಇಳಿಯಬೇಕಿಲ್ಲ ಎಂದು ಮನೆಯಲ್ಲಿ ಹೇಳಿ ನೆಮ್ಮದಿಯಾಗಿ ಮಲಗಿದ್ದೀರಿ. ಎದ್ದೇಳಿ. ಆ ಏಜೆನ್ಸಿಗೆ, ಸಮ್ಮೇಳನ ನಡೆಸಿದವರಿಗೆ, ನಿಮ್ಮ ಹೆಸರು ಹಾಕಿ ಬರೆಯಿರಿ: ನಾನು ಅಲ್ಲಿದ್ದೆ, ಪ್ರತಿ ಗೋಷ್ಠಿಯೂ ನನಗೆ ಅರ್ಥವಾಯಿತು, ಆ ದುಭಾಷಿ ಹೇಳಿದ್ದು ಹೇಳಿದವರ ಮಾತನ್ನೇ, ಮುಂದಿನ ಸಲವೂ ಆಕೆಯೇ ಬೇಕು. ನಾಳೆ ಅಲ್ಲ, ಇವತ್ತು ಬರೆಯಿರಿ.