ಲಿಫ್ಟಿನ ಕಬ್ಬಿಣ

ಜೇವರ್ಗಿಯ ಆ ನಾಲ್ಕಂತಸ್ತಿನ ಜವಳಿ ಅಂಗಡಿಯ ಲಿಫ್ಟ್ ರಿಪೇರಿ ನನ್ನ ಪಾಲಿಗಿತ್ತು. ಆ ಲಿಫ್ಟ್ ನಡೆಸುತ್ತಿದ್ದವನು ದಪ್ಪ ಮನುಷ್ಯ. ಮೊದಲು ಅಲ್ಲೇ ಹಮಾಲನಾಗಿದ್ದ. ಬಟ್ಟೆಯ ಗಂಟು ಹೊತ್ತು ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ಮುರಿದುಕೊಂಡಾಗ, ಅಂಗಡಿಯ ಸಾವಕಾರರು ಲಿಫ್ಟಿನೊಳಗೆ ಒಂದು ಸ್ಟೂಲು ಹಾಕಿಕೊಟ್ಟಿದ್ದರು. ಅದು ಹೋದರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ವ್ಯಾಪಾರ ತಣ್ಣಗಿದ್ದ ಒಂದು ಮಳೆಗಾಲದಲ್ಲಿ ಸಾವಕಾರರ ತಲೆಗೆ ಹುಳ ಹೊಕ್ಕಿತು. ಲಿಫ್ಟಿನ ಹಗ್ಗದ ಒಂದು ತುದಿಗೆ ಜನ ನಿಲ್ಲುವ ಡಬ್ಬಿ, ಇನ್ನೊಂದು ತುದಿಗೆ ಕಬ್ಬಿಣದ ಗಟ್ಟಿಗಳು. ಅಷ್ಟು ಕಬ್ಬಿಣ ಎಳೆಯಲು ಕರೆಂಟ್ ಯಾಕೆ ಸುಡಬೇಕೆಂದು, ನನಗೆ ಹೇಳದೆ ಯಾರಿಂದಲೋ ಒಂದಷ್ಟು ಗಟ್ಟಿ ತೆಗೆಸಿ ಗೋದಾಮಿಗೆ ಹಾಕಿಸಿದರು. ಖಾಲಿ ಡಬ್ಬಿ ಓಡಿಸಿ ನೋಡಿದರೆ ಮೋಟರು ಮೊದಲಿಗಿಂತ ಹಗುರ. ತಮ್ಮ ಜಾಣತನಕ್ಕೆ ತಾವೇ ಬೀಗಿದರು.

ಮದುವೆಗಳು ಶುರುವಾದವು. ನಮ್ಮ ಕಡೆ ಮದುವೆ ಜವಳಿಗೆ ಟೆಂಪೊ ತುಂಬ ಬೀಗರು ಬರುತ್ತಾರೆ, ಸೀರೆಯ ಮಹಡಿಗೆ ಎಲ್ಲರೂ ಒಟ್ಟಿಗೇ ಏರಬೇಕು. ತುಂಬಿದ ಡಬ್ಬಿ ನಡುವೆಯೇ ನಿಲ್ಲತೊಡಗಿತು. ಸಾವಕಾರರು ಬೀಗರ ಮುಂದೆಯೇ ಲಿಫ್ಟಿನವನನ್ನು ಬೈದರು, ಮೋಟರು ನಿಲ್ಲುವುದಕ್ಕೆ ಅವನ ಹೊಟ್ಟೆಯೇ ಕಾರಣವೆಂದರು. ಜನ ನಕ್ಕರು. ಅವನು ಮಧ್ಯಾಹ್ನದ ರೊಟ್ಟಿ ಬಿಟ್ಟ.

ನನ್ನನ್ನು ಕರೆದಾಗ ಗಟ್ಟಿ ಕಡಿಮೆಯಾದ ಚೌಕಟ್ಟು ನೋಡಿ ನನಗೆ ಮೈಯೆಲ್ಲ ಉರಿಯಿತು. ಸಾವಕಾರರಿಗೆ ಬಿಡಿಸಿ ಹೇಳಿದೆ. ಆ ಕಬ್ಬಿಣ ಡಬ್ಬಿಯ ತೂಕಕ್ಕೆ ಅದರಲ್ಲಿ ಹಿಡಿಸುವ ಮಂದಿಯ ಅರ್ಧದಷ್ಟು ತೂಕ ಕೂಡಿಸಿದಷ್ಟಿರಬೇಕು. ಅರ್ಧ ತುಂಬಿದಾಗ ಎರಡೂ ಕಡೆ ಸಮ, ಮೋಟರಿಗೆ ತಿಕ್ಕಾಟ ದಾಟುವಷ್ಟೇ ಕೆಲಸ. ಪೂರ್ತಿ ತುಂಬಿ ಏರುವಾಗ ಉಳಿದರ್ಧದ ಭಾರ ಮಾತ್ರ ಎತ್ತಬೇಕು. ನೀವು ಗಟ್ಟಿ ತೆಗೆದು ಪೂರ್ತಿ ಮಂದಿಯನ್ನು ಮೋಟರಿನ ತಲೆಗೆ ಕಟ್ಟಿದ್ದೀರಿ ಎಂದೆ. ಖಾಲಿ ಡಬ್ಬಿ ಇಳಿಯುವಾಗ ಕಬ್ಬಿಣವನ್ನು ಮೇಲೆಳೆಯಬೇಕಲ್ಲ, ಆಗಲೂ ಕರೆಂಟ್ ಬೇಕು ಎಂಬುದನ್ನೂ ಹೇಳಿದೆ. ಅದೊಂದನ್ನು ಅವರು ಗಮನವಿಟ್ಟು ಕೇಳಿದರು.

ಗಟ್ಟಿಗಳು ಮರಳಿ ಕೂತವು. ಪರೀಕ್ಷೆಗೆ ಅರ್ಧ ಭಾರ ಬೇಕಿತ್ತು. ಸ್ಟೂಲು ಹೊರಗಿಟ್ಟು ಲಿಫ್ಟಿನವನೂ ಕೆಲಸದವರೂ ಒಳಗೆ ನಿಂತರು, ನಾನೂ ಸಾವಕಾರರೂ ಮೇಲಿನ ಮಹಡಿಯಲ್ಲಿ ಮೀಟರು ನೋಡುತ್ತ ನಿಂತೆವು. ಮೋಟರಿನ ಮೀಟರಿನ ಮುಳ್ಳು ಕೆಳಗೇ ಉಳಿಯಿತು, ಡಬ್ಬಿ ಕೊನೆಯ ಮಹಡಿಗೆ ಸರಾಗವಾಗಿ ಏರಿತು. ಎಲ್ಲರೂ ಹೊರಬಂದರು. ಅವನ ಮುಖ ಅರಳಿತ್ತು, ತಪ್ಪು ತನ್ನದಲ್ಲವೆಂದು ಎಲ್ಲರೂ ನೋಡಿದ್ದರು.

"ಸಾವಕಾರ್ರ, ನಾಳಿಂದ ಸ್ಟೂಲ ಒಳಗ ಇಡ್ಲೇನ್ರಿ?" ಎಂದು ಕೇಳಿದ.

"ಯಾಕ? ಗುಂಡಿ ಒತ್ತಾಕ ಮಂದಿಗಿ ಬೆರಳ ಇಲ್ಲೇನು? ನಾಳಿಂದ ಬರಬ್ಯಾಡ."

ಅವನು ಇಳಿಯಲು ಡಬ್ಬಿಯತ್ತ ಕುಂಟಿದ. ಸಾವಕಾರರು ಬಾಗಿಲಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿ ನಕ್ಕರು.

"ಡಬ್ಬಿ ಖಾಲಿ ಇಳಿದ್ರ ಕರೆಂಟ ಜಾಸ್ತಿ ಅಂತ ನೀವ ಹೇಳೀರಲ್ರಿ. ಒಬ್ಬನ ಸಲುವಾಗಿ ಯಾಕ ಇಳಸೋದು? ಮೆಟ್ಲಾ ಅದಾವ."

ಲೆಕ್ಕ ತಪ್ಪೆಂದು ನಾನು ಹೇಳುವಂತಿರಲಿಲ್ಲ. ಅವನು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು, ಮುರಿದ ಕಾಲನ್ನು ಮೊದಲ ಮೆಟ್ಟಿಲಿಗೆ ಇಳಿಸಿದ.