ಬಿಟ್ಟುಕೊಟ್ಟ ಪಾಯಿಂಟು

ಡ್ರಿಲ್ ಟೀಚರ್ ಬಾಯಿ ದೊಡ್ಡದು ಅಂತ ಇಡೀ ಶಾಲೆಗೇ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಬಿಸಿಲಿನಲ್ಲಿ ನಿಂತು ಸೀಟಿ ಊದಿದವರ ಗಂಟಲು ಇನ್ನು ಹೇಗಿರುತ್ತದೆ ಹೇಳಿ! ಗಣಿತದ ಮೇಷ್ಟ್ರು ಆಟದ ಪೀರಿಯಡ್ಡನ್ನು ತಮ್ಮಪ್ಪನ ಆಸ್ತಿಯ ಹಾಗೆ ಕಿತ್ತುಕೊಳ್ಳಲು ಬಂದಾಗಲೆಲ್ಲ ಈ ಟೀಚರ್ ಸ್ಟಾಫ್ ರೂಮಿನಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು.

ಆರನೇ ಕ್ಲಾಸಿಗೆ ಒಬ್ಬ ಹುಡುಗಿ ಬಂದಳು. ಹುಟ್ಟಿನಿಂದ ಕಾಲುಗಳಲ್ಲಿ ಬಲವಿಲ್ಲ. ಮೊಣಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಿಗೆ ಎರಡು ಊರುಗೋಲು. ಹಿಂದಿನ ಶಾಲೆಯಲ್ಲಿ ಆಟದ ಹೊತ್ತಿಗೆ ಏನು ಮಾಡುತ್ತಿದ್ದೆ ಅಂತ ಕೇಳಿದ್ದಕ್ಕೆ, "ಎಲ್ಲರ ಚಪ್ಪಲಿ ಕಾಯ್ತಿದ್ದೆ ಟೀಚರ್" ಅಂದಳು. ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

ಮೊದಲು ಅವಳೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದವರು ನಿಂತು ವಾಲಿಬಾಲ್ ಆಡುವಂತೆ ಮಾಡಿದರು. ಚೆಂಡೆಲ್ಲ ಅವಳ ತಲೆಯ ಮೇಲೇ ಹಾರಿಹೋಯಿತು. ಇದು ಆಗುವ ಮಾತಲ್ಲ ಅನ್ನಿಸಿ, ಒಂದು ವಾರ ತಲೆಕೆಡಿಸಿಕೊಂಡು, ಇಡೀ ಕ್ಲಾಸನ್ನೇ ನೆಲಕ್ಕೆ ಕೂರಿಸಿದರು. ನೆಟ್ಟನ್ನು ಕೂತವರ ಕೈಗೆ ಎಟುಕುವಷ್ಟು ತಗ್ಗಿಸಿದರು, ಅಂಕಣ ಚಿಕ್ಕದು ಮಾಡಿದರು, ಹಗುರವಾದ ಚೆಂಡು ತಂದರು. ನಿಯಮ ಎಲ್ಲರಿಗೂ ಒಂದೇ: ಚೆಂಡು ಮುಟ್ಟುವಾಗ ಕುಂಡೆ ನೆಲ ಬಿಡಬಾರದು, ಬಿಟ್ಟರೆ ಪಾಯಿಂಟು ಹೋಯಿತು.

ಅಯ್ಯೋ, ಕ್ಲಾಸಿನ ಓಟಗಾರರ ಪಾಡು ನೋಡಬೇಕಿತ್ತು! ಕೂತಲ್ಲೇ ಸರಿಯಲು ಬಾರದೆ ಮಗುಚಿ ಬೀಳುತ್ತಿದ್ದರು. ನಾಲ್ಕು ಚಡ್ಡಿ ಹರಿದವು. ತಾಯಂದಿರು ಜಗಳಕ್ಕೆ ಬಂದರು. ಟೀಚರ್ ಹಳೆಯ ಜಮಖಾನ ಹಾಸಿಸಿದರು. ಈ ಹುಡುಗಿ ಮಾತ್ರ ಪಟ್ಟಿ ಬಿಚ್ಚಿಟ್ಟು, ಅಂಗೈ ಊರಿ ಸರ್ರನೆ ಸರಿಯುತ್ತಿದ್ದಳು. ಮನೆಯಲ್ಲಿ ಹಾಗೇ ಓಡಾಡಿ ಬೆಳೆದವಳಲ್ಲವೇ. ಊರುಗೋಲು ಹಿಡಿದ ತೋಳು ಬೇರೆ. ಹೊಡೆದರೆ ಎದುರಿನವರು ತಬ್ಬಿಬ್ಬು. ಮಕ್ಕಳು ಅವಳನ್ನು ಬುಲೆಟ್ಟು ಅಂತ ಕರೆದರು. ಸೋತ ದಿನ ಅವಳು ಊಟ ಬಿಡುತ್ತಿದ್ದಳು. ಅದನ್ನು ಕೇಳಿ ಟೀಚರಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆಡುವವರಿಗಲ್ಲದೆ ಸೋತ ಸಂಕಟ ಯಾರಿಗೆ ಇರುತ್ತದೆ?

ಶಾಲೆಯ ಕ್ರೀಡಾದಿನ ಬಂತು. ಈ ಆಟವನ್ನು ನೋಡಲು ಮೇಲಿನವರು ಬರುತ್ತಾರೆ ಅಂತ ಹೆಡ್‌ಮಾಸ್ಟರ್ ಹತ್ತು ಸಲ ಹೇಳಿದರು. ಹುಡುಗಿಯ ತಾಯಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಳು. "ಮಗಳು ಎಲ್ಲರೆದುರು ಸೋತು ಅತ್ರೆ ನಂಗೆ ತಡ್ಕೊಳ್ಳೋಕಾಗಲ್ಲ ಟೀಚರ್" ಅಂದುಬಿಟ್ಟಳು. ಯಾರಿಗೂ ಜಗ್ಗದ ಟೀಚರ್ ಅಲ್ಲಿ ಜಗ್ಗಿದರು. ಎದುರು ತಂಡದ ನಾಯಕಿಯನ್ನು ಪಕ್ಕಕ್ಕೆ ಕರೆದು, "ಕೊನೇ ಪಾಯಿಂಟು ಬಿಟ್ಕೊಡೇ, ಯಾರಿಗೂ ಹೇಳ್ಬೇಡ" ಅಂದರು. ಅವಳು ಬುಲೆಟ್ಟಿನ ಜೀವದ ಗೆಳತಿ. ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದಳು.

ಹದಿನೈದಕ್ಕೆ ಗೆಲುವು; ಬುಲೆಟ್ಟಿನ ತಂಡ ಹದಿನಾಲ್ಕು, ಎದುರಿನವರು ಹದಿಮೂರು. ಬುಲೆಟ್ಟು ಹೊಡೆದ ಚೆಂಡು ಸೀದಾ ಗೆಳತಿಯ ಕೈಗೇ ಬಂತು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಚಪ್ಪಾಳೆಯೋ ಚಪ್ಪಾಳೆ! ಹೆಡ್‌ಮಾಸ್ಟರ್ ಕಣ್ಣೊರೆಸಿಕೊಂಡರು, ತಾಯಿ ಬಿಕ್ಕಿದಳು.

ಬುಲೆಟ್ಟು ನೆಟ್ಟಿನ ಹತ್ತಿರ ಸರಿದು ಕೇಳಿದಳು: "ಕೈ ಯಾಕೆ ತೆಗ್ದೆ?"

ಗೆಳತಿ ಟೀಚರ್ ಕಡೆ ನೋಡಿದಳು. ಅಷ್ಟು ಸಾಕಾಯಿತು.

ಟೀಚರ್ ಅಂದು ಸಂಜೆಯೇ ಬುಲೆಟ್ಟಿನ ಕೈ ಹಿಡಿದು, "ತಪ್ಪಾಯ್ತು ಕಣೇ" ಅಂದರು. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. "ಇದೊಂದೇ ಸಲಾನಾ ಟೀಚರ್? ಮೊದ್ಲು ಗೆದ್ದಿದ್ದೆಲ್ಲಾ?" ಅಂದಳು. "ದೇವರಾಣೆ, ಇದೊಂದೇ" ಅಂತ ಟೀಚರ್ ಬಾಯಿ ಬಡಿದುಕೊಂಡರು. ಮೋಸ ಮಾಡಿ ಸಿಕ್ಕಿಬಿದ್ದವರ ಆಣೆಯನ್ನು ಯಾರು ನಂಬುತ್ತಾರೆ?

ಸೋಮವಾರ ಮತ್ತೆ ಆಟ. ಬುಲೆಟ್ಟು ಮೂಲೆಗೆ ಹೊಡೆದಳು. ಗೆಳತಿ ಜೀವ ಬಿಟ್ಟು ಸರಿದು, ಮಗುಚಿ ಬಿದ್ದಳು, ಮೊಣಕೈ ತರಚಿ ರಕ್ತ ಬಂತು. ಚೆಂಡು ಸಿಗಲಿಲ್ಲ.

"ನಿಜವಾಗ್ಲೂ ಸಿಗ್ಲಿಲ್ಲ ಕಣೇ" ಅಂತ ಅವಳು ಅಳುತ್ತಾ ಮೊಣಕೈ ತೋರಿಸಿದಳು.

ಬುಲೆಟ್ಟು ಆ ರಕ್ತವನ್ನು ನೋಡಿದಳು. ತಿರುಗಿ ಟೀಚರ್ ಮುಖ ನೋಡಿದಳು.

"ಇದಕ್ಕೂ ನೀವೇ ಹೇಳಿದ್ರಾ ಟೀಚರ್?"